ಹರ್ಷಚಿತ್ತರಾದ ನಮ್ಮನೆಯವರಿಗೆ

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಮೊಣಕೈ ಊತ ಇಳಿಯಿತೇ? ನಾನು ಕಟ್ಟಿಕೊಟ್ಟ ಮುಲಾಮನ್ನು ಹಚ್ಚಿ ತಿಕ್ಕಬೇಡಿ, ಸುಮ್ಮನೆ ಸವರಿ ಬಿಡಿ ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ನೀವು ಖಂಡಿತ ತಿಕ್ಕಿರುತ್ತೀರಿ. ಬೆಟ್ಟದ ತುದಿಯ ಹವಾಮಾನ ಠಾಣೆಯಲ್ಲಿ ಚಳಿ ಜಾಸ್ತಿಯಾಗಿರಬೇಕು. ಎರಡು ಜೊತೆ ಉಣ್ಣೆ ಕಾಲುಚೀಲ, ರಾತ್ರಿಯ ಮಾತ್ರೆ, ಕೆಮ್ಮಿನ ಸಿರಪ್ಪು ಎಲ್ಲವನ್ನೂ ಈ ಕಾಗದದ ಜೊತೆ ಸಾಮಾನಿನ ಗಾಡಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ, ಮಗಳೂ ಚೆನ್ನಾಗಿದ್ದಾಳೆ. ಹೀಗೆ ಬರೆಯುವುದು ವಾಡಿಕೆ ಎಂದು ಬರೆದೆ. ನಿಜ ಹೇಳಬೇಕೆಂದರೆ ನನಗೆ ಊಟ ಸೇರುತ್ತಿಲ್ಲ, ಅಂಗಡಿಯಲ್ಲಿ ಮೊನ್ನೆ ಒಬ್ಬರಿಗೆ ಕಣ್ಣಿನ ಹನಿಯ ಬದಲು ಕಿವಿಯ ಹನಿ ಕೊಡಲು ಹೋಗಿ ಕೈ ತಡೆದೆ. ಇಷ್ಟು ವರ್ಷದಲ್ಲಿ ಹಾಗೆ ಆದದ್ದೇ ಇಲ್ಲ. ಅಲ್ಲಿಗೆ ಫೋನು ಸಿಗದೆಂದು ಮೂರು ಕಾಗದ ಹಾಕಿದೆ, ನಿಮ್ಮಿಂದ ಒಂದು ಸಾಲಿಲ್ಲ. ಮಗಳು ತಾನು ಮದುವೆಯಾಗುವ ಹುಡುಗನ ವಿಷಯ ಹೇಳಿದ ದಿನ ನೀವು ಕೂತು ಕೇಳಿಸಿಕೊಂಡಿರಿ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರಜೆ ಇನ್ನೂ ಉಳಿದಿದ್ದರೂ ಮಾರನೆಯ ಬೆಳಿಗ್ಗೆಯೇ ಬೂಟಿನ ದಾರ ಕಟ್ಟಿ, ಚೀಲ ಹೆಗಲಿಗೇರಿಸಿ ಹೊರಟಿರಿ. ನೆಂಟರು ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತ ಬಂದಿದ್ದೇನೆ: ಅವರ ಸ್ವಭಾವವೇ ಹಾಗೆ, ಮೌನವೇ ಸಮ್ಮತಿ. ಹೇಳಿ ಹೇಳಿ ನನಗೇ ಅದು ಹಳಸಿದ ಮಾತಾಗಿದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಈ ಒಂದು ತಿಂಗಳು ಹುಡುಗನ ಅಜ್ಜಿಯ ಲೆಕ್ಕದಲ್ಲಿ ನೀವು ತೀರಿಕೊಂಡಿದ್ದಿರಿ. ನಮ್ಮ ಮಗಳ ಮದುವೆಯ ಕಾರ್ಡಿನ ಕರಡಿನಲ್ಲೂ ತೀರಿಕೊಂಡಿದ್ದಿರಿ. ಅದನ್ನು ಕನ್ನಡಕ್ಕೆ ಇಳಿಸಿದವಳು ನಾನು. ಹೇಗಾಯಿತು ಎಂದು ಕ್ರಮವಾಗಿ ಬರೆಯುತ್ತೇನೆ, ಓದುತ್ತಾ ಮಧ್ಯೆ ಎದ್ದು ಹೋಗಬೇಡಿ.

ಹುಡುಗ ನಿಮಗೆ ಗೊತ್ತಲ್ಲ, ಲಿಫ್ಟ್ ರಿಪೇರಿಯವನು. ನಾನವನನ್ನು ಲಿಫ್ಟಪ್ಪ ಎಂದೇ ಕರೆಯುವುದು, ಅವನೂ ಓಗೊಡುತ್ತಾನೆ. ತಂದೆ ತಾಯಿ ಇಬ್ಬರೂ ಇಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದವನು. ಮನೆಮಾತು ಪರ್ಷಿಯನ್. ನಮ್ಮ ಮಗಳ ಹಿಂದೆ ಬಿದ್ದು ಕನ್ನಡ ಕಲಿತಿದ್ದಾನೆ, ಆದರೆ ಪಾಠಪುಸ್ತಕ ಓದಿದ ಹಾಗೆ ಮಾತಾಡುತ್ತಾನೆ. ಅಜ್ಜಿಗೆ ಒಂದೇ ಹಟ: ಕಾರ್ಡು ತಮ್ಮ ಪದ್ಧತಿಯಲ್ಲೇ, ತಮ್ಮ ಮಾತಿನಲ್ಲೇ ಇರಬೇಕು, ತಾವೇ ಬರೆಯಬೇಕು. ಒಂದು ಮಗ್ಗುಲು ಪರ್ಷಿಯನ್, ಇನ್ನೊಂದು ಮಗ್ಗುಲು ಅದನ್ನೇ ಕನ್ನಡದಲ್ಲಿ, ನಮ್ಮ ನೆಂಟರಿಗೆ. ಕನ್ನಡದ ಕೆಲಸ ನನ್ನ ತಲೆಗೆ ಬಂತು. ಔಷಧಿ ಚೀಟಿಯ ಮೇಲೆ ಊಟಕ್ಕೆ ಮುಂಚೆ, ಊಟವಾದ ಮೇಲೆ ಎಂದು ಬರೆದು ಬರೆದು ನನ್ನ ಕನ್ನಡ ಸ್ಪಷ್ಟವಾಗಿದೆಯೆಂದು ಮಗಳ ಅಭಿಪ್ರಾಯ. ಹೊಗಳಿಕೆಗೆ ಮರುಳಾಗಿ ಒಪ್ಪಿಕೊಂಡೆ. ಅವರ ಲಿಪಿ ನನಗೆ ಬಾರದು. ಅಜ್ಜಿ ಇಡೀ ಕಾರ್ಡನ್ನು ನಿಧಾನವಾಗಿ ಓದಿ ಫೋನಿಗೆ ಧ್ವನಿ ಕಳಿಸಿದರು. ಅದನ್ನು ಮತ್ತೆ ಮತ್ತೆ ಕೇಳಿ, ಕಿವಿಗೆ ಬಿದ್ದ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಇಳಿಸಿದೆ. ನಮ್ಮ ಅಕ್ಷರಕ್ಕೆ ಆ ಒಂದು ಗುಣವಿದೆ, ಕೇಳಿದ್ದನ್ನು ಹಾಗೇ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದೊಂದೇ ಪದದ ಅರ್ಥವನ್ನು ಲಿಫ್ಟಪ್ಪನಿಗೆ ಫೋನು ಮಾಡಿ ಕೇಳಿದೆ. ಅವನು ಯಾವುದೋ ಕಟ್ಟಡದ ಲಿಫ್ಟಿನ ಬಾವಿಯೊಳಗೆ ನೇತಾಡುತ್ತ ಉತ್ತರ ಕೊಡುತ್ತಿದ್ದ.

ಎಂಥ ಮಾತುಗಳು ಅಂತೀರಿ! ತಲೆಯ ಮೇಲಿನ ಸಾಲು ನನಗೆ ಬಹಳ ಹಿಡಿಸಿತು: ‘ಹೃದಯಗಳನ್ನು ಬೆಸೆಯುವವನ ಹೆಸರಿನಲ್ಲಿ’. ಅಲ್ಲಿಂದ ಮುಂದೆ ಮುಳ್ಳುದಾರಿ. ನಾವು ‘ಆಗಮಿಸಿ’ ಎನ್ನುವ ಕಡೆ ಅವರು ‘ನಿಮ್ಮ ಹೊಜೂರೆ ಸಬ್ಜ್‌ನಿಂದ ನಮ್ಮ ಸಭೆಯನ್ನು ಸಿಂಗರಿಸಿ’ ಎನ್ನುತ್ತಾರೆ. ಹೊಜೂರ್ ಎಂದರೆ ನಮ್ಮ ಹುಜೂರೇ, ಸಮ್ಮುಖ. ಸಬ್ಜ್ ಎಂದರೆ ಹಸಿರು. ಒಂದು ಮಾತ್ರೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ‘ನಿಮ್ಮ ಹಸಿರು ಉಪಸ್ಥಿತಿಯಿಂದ’ ಎಂದು ಬರೆದು, ಕರಡನ್ನು ನಿಮ್ಮ ಅಕ್ಕನಿಗೂ ನನ್ನ ತಂಗಿಗೂ ಓದಿ ನೋಡಲು ಕಳಿಸಿದೆ. ನನ್ನ ತಂಗಿ ಅದೇ ಸಂಜೆ ಮನೆಮಂದಿಗೆಲ್ಲ ಹಸಿರು ಬಟ್ಟೆ ತಂದುಬಿಟ್ಟಳು. ಅವಳ ಗಂಡನಿಗೆ ಹಸಿರು ಪ್ಯಾಂಟು ಬೇರೆ. ಇನ್ನೊಂದು ಸಾಲು ‘ಕದಮ್ ರಂಜೆ ಫರ್ಮಾಯಿದ್’, ಅಂದರೆ ‘ಹೆಜ್ಜೆಗೆ ನೋವು ಕೊಟ್ಟು ದಯಮಾಡಿಸಿ’. ನೀವು ಕಷ್ಟಪಟ್ಟು ನಡೆದು ಬರುವುದೇ ನಮಗೆ ಉಪಕಾರ ಎಂಬ ವಿನಯ. ನಾನು ‘ಕಾಲು ನೋಯಿಸಿಕೊಂಡು ಬನ್ನಿ’ ಎಂದು ಹಾಕಿದೆ. ನಿಮ್ಮ ಅಕ್ಕ ಫೋನಿನಲ್ಲಿ ಹರಿಹಾಯ್ದರು, “ನನ್ ಮಂಡಿನೋವು ಬೀಗರ ಮನೆವರೆಗೂ ಹೋಯ್ತಾ? ಯಾರ್ ಹೇಳಿದ್ದು, ನೀನೇ ತಾನೆ?” ಎಂದು. ಲಿಫ್ಟಪ್ಪ ಕೇಳಿ ನಕ್ಕು ಸಾಕಾದ. ನಿಮ್ಮಲ್ಲಿ ಏನನ್ನುತ್ತೀರಿ ಎಂದ. ಪಾದ ಬೆಳೆಸಿ ಅನ್ನುತ್ತೇವೆ ಎಂದೆ. “ಪಾದಗಳು ಬೆಳೆಯುತ್ತವೆಯೇ, ಅಮ್ಮಾ?” ಎಂದು ಕೇಳಿದ. ಕೊನೆಗೆ ‘ಪಾದ ಬೆಳೆಸಬೇಕು’ ಎಂದೇ ತಿದ್ದಿದೆ, ಹಸಿರನ್ನು ತೆಗೆದು ‘ಶುಭ ಸಾನ್ನಿಧ್ಯ’ ಎಂದು ಮಾಡಿದೆ. ಹಸಿರು ಪ್ಯಾಂಟನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.

ಲಕೋಟೆಯ ಮೇಲಿನ ಬರಹಕ್ಕೂ ಅವರಲ್ಲಿ ಲೆಕ್ಕವಿದೆ. ಯಜಮಾನರ ಹೆಸರಿನ ಮುಂದೆ ‘ವ ಬಾನೂ’ ಎಂದಿದ್ದರೆ ಗಂಡಹೆಂಡತಿ ಇಬ್ಬರೇ ಬರಬೇಕು. ‘ವ ಖಾನ್‌ವಾದೆಯೆ ಮೊಹ್ತರಮ್’ ಎಂದಿದ್ದರೆ ಗೌರವಾನ್ವಿತ ಕುಟುಂಬದ ಸಮೇತ, ಮಕ್ಕಳುಮರಿ ಎಲ್ಲ ಬರಬಹುದು. ಬಾಯಿಬಿಟ್ಟು ಯಾರನ್ನೂ ಬೇಡ ಅನ್ನುವುದಿಲ್ಲ, ಓದುವವರು ತಿಳಿದುಕೊಳ್ಳಬೇಕು. ಹಾಗೆಯೇ ‘ಬೆ ಸರ್ಫೆ ಶಾಮ್’ ಎಂದಿದ್ದರೆ ರಾತ್ರಿಯೂಟ ಉಂಟು, ‘ಬೆ ಸರ್ಫೆ ಶೀರೀನಿ’ ಎಂದಿದ್ದರೆ ಬರೀ ಸಿಹಿ, ಮನೆಯಲ್ಲಿ ಉಂಡು ಹೊರಡಬೇಕು. ನಮ್ಮ ಕಾರ್ಡಿನಲ್ಲಿ ಶಾಮ್ ಇದೆ, ನಿಮ್ಮ ಅಕ್ಕ ಅದೊಂದನ್ನು ಮಾತ್ರ ಮೆಚ್ಚಿಕೊಂಡರು. ನಮ್ಮವರು ತಬ್ಬಿಬ್ಬಾಗಬಾರದೆಂದು ಅವರ ಮದುವೆಯ ವಿಧಿಯ ಬಗ್ಗೆಯೂ ಒಂದು ಚೀಟಿ ಬರೆದು ಕಾರ್ಡಿನೊಳಗೆ ಇಡುತ್ತಿದ್ದೇನೆ. ನೆಲದ ಮೇಲೆ ಬಟ್ಟೆ ಹಾಸಿ ಕನ್ನಡಿ, ಜೋಡಿ ಮೇಣದ ದೀಪ, ಏಳು ಬಣ್ಣದ ಮಸಾಲೆಯ ತಟ್ಟೆ, ಜೇನಿನ ಬಟ್ಟಲು ಇಡುತ್ತಾರೆ. ಹುಡುಗ ಹುಡುಗಿ ಅದರ ಮುಂದೆ ಕೂರುತ್ತಾರೆ, ಅವನಿಗೆ ಅವಳ ಮುಖ ಮೊದಲು ಕಾಣುವುದು ಕನ್ನಡಿಯಲ್ಲಿ. ಅವರ ತಲೆಯ ಮೇಲೆ ಹೆಂಗಸರು ಬಿಳಿ ಬಟ್ಟೆ ಹಿಡಿದು, ಅದರ ಮೇಲೆ ಎರಡು ಸಕ್ಕರೆ ಗಟ್ಟಿಯನ್ನು ಒಂದಕ್ಕೊಂದು ಉಜ್ಜುತ್ತಾರೆ, ಬಾಳು ಸಿಹಿಯಾಗಲಿ ಎಂದು. ವಿಧಿ ನಡೆಸುವ ಹಿರಿಯರು ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳುತ್ತಾರೆ. ಅವಳು ಮಾತಾಡುವಂತಿಲ್ಲ. ಹೆಂಗಸರು ‘ಹುಡುಗಿ ಹೂ ಕೊಯ್ಯಲು ಹೋಗಿದ್ದಾಳೆ’ ಎಂದು ಕೂಗುತ್ತಾರೆ. ಎರಡನೇ ಸಲ ಕೇಳಿದಾಗಲೂ ಮಾತಿಲ್ಲ, ‘ಪನ್ನೀರು ತರಲು ಹೋಗಿದ್ದಾಳೆ’ ಎಂದು ಕೂಗುತ್ತಾರೆ. ಮೂರನೇ ಸಲ ಅವಳು ಬಾಯಿ ಬಿಟ್ಟು ‘ಬಲೆ’ ಎನ್ನಬೇಕು, ಅಂದರೆ ಹೌದು. ಇದನ್ನು ಓದಿ ನಿಮ್ಮ ಅಕ್ಕ, “ಹುಡುಗಿ ಎರಡ್ ಸಲ ಸುಮ್ನಿರ್ತಾಳೆ ಅಂದ್ರೆ ಏನೋ ಮನಸ್ಸಿಲ್ಲ ಅಂತಾನೇ ಲೆಕ್ಕ” ಎಂದು ನನ್ನ ಎದೆಗೆ ಇನ್ನೊಂದು ಕಲ್ಲು ಹಾಕಿದರು. ಅದು ಆಟ ಅತ್ತಿಗೆ, ಆತುರ ತೋರಿಸಬಾರದೆಂದು ಮಾಡುವ ಆಟ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಈಗ ನಿಮ್ಮ ಸಾವಿನ ವಿಷಯಕ್ಕೆ ಬರುತ್ತೇನೆ. ಕಾರ್ಡಿನ ಕಾಲಬುಡದಲ್ಲಿ, ಕರೆಯುವವರ ಜಾಗದಲ್ಲಿ, ಒಂದು ಕಡೆ ಹುಡುಗನ ತಂದೆಯ ಹೆಸರು, ಇನ್ನೊಂದು ಕಡೆ ನಿಮ್ಮ ಹೆಸರು. ಎರಡರ ಹಿಂದೆಯೂ ಅಜ್ಜಿ ಒಂದೇ ಪದ ಹೇಳಿದ್ದರು: ‘ಖಾನ್‌ವಾದೆಯೆ ಶಾದ್‌ರವಾನ್’. ಖಾನ್‌ವಾದೆ ಅಂದರೆ ಕುಟುಂಬ, ಅದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ನಿಮ್ಮ ಹೆಸರು ಬಂದಾಗ ಅಜ್ಜಿಯ ದನಿ ತಗ್ಗಿ ಮೆತ್ತಗಾಗುತ್ತಿತ್ತು. ಎಷ್ಟು ಮರ್ಯಾದೆ ನೋಡು ಎಂದು ನಾನು ಹಿಗ್ಗಿದೆ. ಲಿಫ್ಟಪ್ಪನಿಗೆ ಫೋನು ಮಾಡಿ, ಶಾದ್ ಅಂದರೇನಪ್ಪ ಎಂದೆ, ಸಂತೋಷ ಎಂದ. ರವಾನ್ ಅಂದರೆ ಎಂದೆ, ಆತ್ಮ, ಮನಸ್ಸು ಎಂದ. ಅಷ್ಟರಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿದರೆಂದು ಫೋನಿಟ್ಟ. ಎರಡನ್ನೂ ಅರೆದು ಸೇರಿಸಿ ನಾನು ಮಿಶ್ರಣ ತಯಾರಿಸಿದೆ: ‘ಹರ್ಷಚಿತ್ತರಾದ’. ಇಬ್ಬರು ತಂದೆಯರಿಗೂ ಒಂದೇ ಪದ ಇರುವುದರಿಂದ ಇದು ನಮ್ಮ ‘ಶ್ರೀಯುತ’ದಂಥದ್ದೇ ಎಂದು ತೀರ್ಮಾನಿಸಿದೆ. ಆ ಹುಡುಗನ ತಂದೆ ಬದುಕಿಲ್ಲ ಎಂಬುದು ಎದುರಿಗೇ ಇದ್ದರೂ ನನ್ನ ಬುದ್ಧಿಗೆ ತಾಗಲಿಲ್ಲ. ‘ಹರ್ಷಚಿತ್ತರಾದ’ ಎಂದು ನಿಮ್ಮ ಹೆಸರಿನ ಹಿಂದೆ ಕಂಡು ನನ್ನ ತಂಗಿ, “ಭಾವ ನಕ್ಕಿದ್ದನ್ನ ನಾನ್ ಒಂದ್ ಸಲನಾದ್ರೂ ನೋಡ್ಬೇಕಿತ್ತು ಕಣೇ” ಎಂದಳು. ನಾನೂ ನಕ್ಕೆ. ಇವರು ಸಿಡುಕಿದರೆ ಸಿಡುಕಲಿ, ಕಾರ್ಡಿನಲ್ಲಾದರೂ ಸಂತೋಷವಾಗಿರಲಿ ಎಂದುಕೊಂಡೆ.

ಮೊನ್ನೆ ಮಧ್ಯಾಹ್ನ ಪರ್ಷಿಯನ್ ಮಗ್ಗುಲಿನ ಕರಡು ಅಚ್ಚಾಗಿ ಲಿಫ್ಟಪ್ಪನ ಕೈಗೆ ಬಂತು. ಅವನು ಮೈತುಂಬ ಗ್ರೀಸು ಮೆತ್ತಿಕೊಂಡು ಕೆಲಸದ ಬಟ್ಟೆಯಲ್ಲೇ ಅಂಗಡಿಗೆ ಓಡಿಬಂದ. ಕೌಂಟರಿನ ಎದುರಿನ ಸ್ಟೂಲಿನ ಮೇಲೆ ಕುಸಿದು ನೀರು ಕೇಳಿದ, ಕುಡಿಯಲಿಲ್ಲ. “ಅಮ್ಮಾ, ಅಪ್ಪ ಇದ್ದಾರಲ್ಲವೇ? ನನಗೆ ಏಕೆ ತಿಳಿಸಲಿಲ್ಲ?” ಎಂದ. ಕಣ್ಣು ಕೆಂಪಾಗಿತ್ತು. ಮೂರು ಕಾಗದಕ್ಕೆ ಉತ್ತರವಿಲ್ಲ. ಇವನಿಗೆ ಎಲ್ಲಿಂದಲೋ ಸುದ್ದಿ ಬಂದಿದೆ, ನನಗೆ ಬಂದಿಲ್ಲ ಎಂದೇ ಅಂದುಕೊಂಡೆ. ಗಿರಾಕಿಗಳು ನಿಂತಿದ್ದರು. ಅವರನ್ನು ಬಿಟ್ಟು ನಿಮ್ಮ ಹವಾಮಾನ ಕಚೇರಿಗೆ ಫೋನು ಹಚ್ಚಿದೆ. ಗುಮಾಸ್ತರು ಕಾಗದ ತಿರುವಿ, “ಬೆಳಿಗ್ಗೆ ವೈರ್‌ಲೆಸ್‌ನಲ್ಲಿ ರೀಡಿಂಗ್ ಬಂದಿದೆ ಮೇಡಂ, ಗಾಳಿ, ಉಷ್ಣಾಂಶ ಎಲ್ಲ ಕರೆಕ್ಟಾಗಿದೆ, ಅಂದ್ರೆ ಸಾರ್ ಇದಾರೆ” ಎಂದರು. ಫೋನಿಟ್ಟು ಅಲ್ಲೇ ಅತ್ತೆ. ಸಮಾಧಾನಕ್ಕೆ ಅತ್ತೆನೋ ಸಿಟ್ಟಿಗೆ ಅತ್ತೆನೋ ತಿಳಿಯದು. ಊರಿಗೆಲ್ಲ ಗಾಳಿಯ ಸುದ್ದಿ ದಿನಾ ಕಳಿಸುವ ಮನುಷ್ಯನಿಗೆ ಮನೆಗೆ ಎರಡು ಸಾಲು ಬರೆಯಲು ಆಗಲಿಲ್ಲವಲ್ಲ!

ಆಮೇಲೆ ಅವನು ಕಾರ್ಡು ತೋರಿಸಿ ಬಿಡಿಸಿ ಹೇಳಿದ. ಶಾದ್ ಸಂತೋಷ, ರವಾನ್ ಆತ್ಮ, ಅದು ಸರಿಯೇ. ಆದರೆ ಎರಡೂ ಕೂಡಿ ಶಾದ್‌ರವಾನ್ ಎಂದಾದರೆ ‘ಆತ್ಮಕ್ಕೆ ಸುಖ ಸಿಕ್ಕವರು’, ಅಂದರೆ ದಿವಂಗತ. ತೀರಿಹೋದವರ ಹೆಸರಿನ ಹಿಂದೆ ಬಿಟ್ಟು ಬೇರೆ ಯಾರಿಗೂ ಹಾಕುವುದಿಲ್ಲ. ನಮ್ಮಲ್ಲಿ ‘ಕೀರ್ತಿಶೇಷ’ ಎಂದರೆ ಕೀರ್ತಿ ಉಳಿಸಿಕೊಂಡ ಗಟ್ಟಿ ಮನುಷ್ಯ ಎಂದು ಯಾರಾದರೂ ತಿಳಿದ ಹಾಗಾಯಿತು ನನ್ನ ಕಥೆ. ನಮ್ಮ ‘ರವಾನೆ’ಯೂ ಆ ಭಾಷೆಯಿಂದಲೇ ಬಂದ ಮಾತಂತೆ. ನಿಮ್ಮನ್ನು ನಾನೇ ನನ್ನ ಕೈಯಾರೆ ರವಾನೆ ಮಾಡಿದ್ದೆ.

ಅಜ್ಜಿ ಹೀಗೇಕೆ ಬರೆದರು ಎಂದು ಕೇಳಿದರೆ ಅದರ ಮೂಲವೂ ನಾನೇ. ಹೋದ ತಿಂಗಳು ಅವರು ನಮ್ಮ ಮನೆಗೆ ಬಂದಾಗ ಹುಡುಗನೂ ಮಗಳೂ ಹಣ್ಣು ತರಲು ಹೊರಗೆ ಹೋಗಿದ್ದರು. ಅಜ್ಜಿ ಗೋಡೆಯ ಮೇಲಿನ ನಿಮ್ಮ ಫೋಟೋ ನೋಡಿ “ಪೆದರ್?” ಎಂದರು. ತಂದೆ ಎಂದು ನನಗೆ ತಿಳಿಯಿತು. ಮನೆಯಲ್ಲಿಲ್ಲ ಎನ್ನಲು ಕೈ ಆಡಿಸಿದೆ, ಬೆಟ್ಟದ ಮೇಲಿದ್ದಾರೆ ಎನ್ನಲು ಬೆರಳನ್ನು ಮೇಲಕ್ಕೆ ತೋರಿಸಿದೆ. ಇನ್ನೂ ಮೇಲೆ, ಬಹಳ ಮೇಲೆ ಎಂದು ಎರಡು ಸಲ ತೋರಿಸಿದೆ. ಅಜ್ಜಿ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು. ಗಂಡ ದೂರದಲ್ಲಿದ್ದಾನೆಂದು ಮರುಗುತ್ತಿದ್ದಾರೆ, ಎಷ್ಟು ಒಳ್ಳೆಯ ಹೆಂಗಸು ಎಂದು ನಾನೂ ಕಣ್ಣೊರೆಸಿಕೊಂಡೆ. ಅಲ್ಲಿಂದ ಮುಂದೆ ಅವರು ನಿಮ್ಮ ಮಾತೆತ್ತಲಿಲ್ಲ, ಸತ್ತವರ ಸುದ್ದಿ ಎತ್ತಿ ನೋಯಿಸಬಾರದೆಂದು. ನಾವೂ ಎತ್ತಲಿಲ್ಲ, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನಮಗೇ ಗೊತ್ತಿರಲಿಲ್ಲವಲ್ಲ. ಇಬ್ಬರೂ ಸುಮ್ಮನಿದ್ದು ಸುಮ್ಮನಿದ್ದು ನಿಮ್ಮನ್ನು ಮುಗಿಸಿಬಿಟ್ಟೆವು.

ನೀವು ಬದುಕಿದ್ದೀರಿ ಎಂದು ನಿನ್ನೆ ತಿಳಿಸಿದಾಗ ಆ ಹಿರಿಯ ಜೀವ ನಾಚಿ, ನಕ್ಕು, ಮತ್ತೆ ಅತ್ತು, “ಅವರ ನೆರಳು ನಿಮ್ಮ ತಲೆಯ ಮೇಲೆ ಸದಾ ಇರಲಿ” ಎಂದು ಹೇಳಿ ಕಳಿಸಿದರು. ಅದು ಅವರಲ್ಲಿ ಹಿರಿಯರಿಗೆ ಹಾರೈಸುವ ಮಾತು. ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿದರು, ನನ್ನ ನಿದ್ದೆ ಕೆಡಿಸಿರುವುದು ಅದೇ. ‘ಶಾದ್‌ರವಾನ್’ ಇದ್ದಷ್ಟು ದಿನ ಕರೆಯುತ್ತಿದ್ದವರು ದಿವಂಗತರ ಕುಟುಂಬ, ಅಂದರೆ ನಾನು. ಆ ಪದ ತೆಗೆದರೆ ಆ ಜಾಗದಲ್ಲಿ ನಿಂತು ಕರೆಯುವವರು ನೀವು. ಬನ್ನಿ, ನನ್ನ ಮಗಳ ಮದುವೆಗೆ ಪಾದ ಬೆಳೆಸಿ ಎಂದು ನಿಮ್ಮ ಬಾಯಲ್ಲಿ ಹೇಳಿಸಿದ ಹಾಗೆ. ತೀರಿಹೋದವರ ಹೆಸರನ್ನು ಯಾರನ್ನೂ ಕೇಳದೆ ಹಾಕಬಹುದು, ಬದುಕಿರುವವರ ಹೆಸರನ್ನು ಅವರನ್ನು ಕೇಳದೆ ಹಾಕುವುದು ಹೇಗೆ, ಅವರು ಕರೆಯುತ್ತಾರೆಯೇ, ಕೇಳಿ ಹೇಳಿ ಎಂದಿದ್ದಾರೆ ಅಜ್ಜಿ. ನ್ಯಾಯವಾದ ಮಾತು. ಅವರು ಕರೆದೇ ಕರೆಯುತ್ತಾರೆ ಎಂದು ಎಂದಿನ ಹಾಗೆ ಹೇಳಿಬಿಡೋಣವೆಂದು ಬಾಯಿ ತೆರೆದವಳು, ಕೇಳಿ ತಿಳಿಸುತ್ತೇನೆ ಎಂದು ಹೇಳಿ ಕಳಿಸಿದೆ. ಅಚ್ಚಿನವನಿಗೆ ತಡೆಯಪ್ಪ ಎಂದು ಹೇಳಿ ನಿಲ್ಲಿಸಿದ್ದೇನೆ. ಗಾಡಿ ಕೆಳಗಿಳಿಯುವಾಗ ನಿಮ್ಮ ಉತ್ತರ ಬಂದರೆ ಸಮಯಕ್ಕೆ ಸರಿಯಾಗುತ್ತದೆ.

ನಿಮಗೆ ಏನು ಕಷ್ಟವೋ ನನಗೆ ಗೊತ್ತಿಲ್ಲ. ಹುಡುಗನ ಭಾಷೆಯೋ, ಅವನ ಕೆಲಸವೋ, ಮಗಳು ನಮ್ಮನ್ನು ಕೇಳುವ ಮೊದಲೇ ತೀರ್ಮಾನ ಮಾಡಿದಳೆಂದೋ. ಇಷ್ಟು ವರ್ಷ ನಿಮ್ಮ ಮುಖ ನೋಡಿ ಅರ್ಥ ಮಾಡಿಕೊಂಡೇ ಸಂಸಾರ ಮಾಡಿದೆ, ಅರ್ಧಕ್ಕರ್ಧ ತಪ್ಪೇ ಮಾಡಿಕೊಂಡಿರಬೇಕು. ಹುಡುಗ ಒಳ್ಳೆಯವನು. ನೀವು ಸತ್ತಿರೆಂದು ನಂಬಿದ ಆ ಗಳಿಗೆಯಲ್ಲಿ ಅವನ ಮುಖ ನಾನು ನೋಡಿದ್ದೇನೆ. ಎದುರಿಗೆ ಸರಿಯಾಗಿ ಒಂದು ಮಾತೂ ಆಡದ ಮನುಷ್ಯನಿಗಾಗಿ ಅವನು ಅತ್ತ. ನನಗೆ ಅಷ್ಟು ಸಾಕು. ನಿಮಗೆ ಸಾಕೋ ಇಲ್ಲವೋ ನೀವೇ ಹೇಳಬೇಕು.

ಕಾಲುಚೀಲ ಹಾಕಿಕೊಳ್ಳಿ. ಜೊತೆಯ ಸಿಬ್ಬಂದಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಅಕ್ಕ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ನನಗೆ ಬೈಗುಳ ಮಾತ್ರ.

ಇಂತಿ ನಿಮ್ಮ ಮಾತಿಗಾಗಿ ಕಾದಿರುವ,
ನಿಮ್ಮವಳು

ಮರೆತೆ: ಗಾಡಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಬರೆಯಲೇಬೇಕು. ಇಷ್ಟುದ್ದ ಬರೆದೂ ಇದೊಂದನ್ನು ಬರೆಯಲು ಅಂಜಿದ್ದೆ. ಮೂರನೇ ಸಲ ಹುಡುಗಿ ಬರೀ ‘ಬಲೆ’ ಅನ್ನುವುದಿಲ್ಲ. ‘ಬಾ ಎಜಾಜೆಯೆ ಪೆದರ್ ಓ ಮಾದರಮ್, ಬಲೆ’ ಎನ್ನಬೇಕು. ನನ್ನ ತಂದೆ ತಾಯಿಯ ಅಪ್ಪಣೆಯಿಂದ, ಹೌದು. ನೀವಿಲ್ಲವೆಂದು ತಿಳಿದಿದ್ದಾಗ ಅಜ್ಜಿ ‘ಪೆದರ್’ ಬಿಟ್ಟು, ತಾಯಿಯ ಮತ್ತು ಹಿರಿಯರ ಅಪ್ಪಣೆಯಿಂದ ಎಂದು ಕಲಿಸಿದ್ದರು. ಅಪ್ಪ ಇನ್ನೂ ಹೂಂ ಅಂದಿಲ್ಲವೆಂದು ಅಜ್ಜಿಗೆ ಗೊತ್ತಾಗಿರಬೇಕು ಎಂದುಕೊಂಡು ಮಗಳು ಸುಮ್ಮನೆ ಕಲಿತಿದ್ದಳು. ಈಗ ನೀವು ಬದುಕಿ ಬಂದಿರಿ, ಆ ಪದವೂ ಬಂತು. ಕೋಣೆಯಲ್ಲಿ ಅಭ್ಯಾಸ ಮಾಡುತ್ತಾಳೆ, ‘ಪೆದರ್’ ಹತ್ತಿರ ನಿಂತುಬಿಡುತ್ತಾಳೆ. ಕೊಡದ ಅಪ್ಪಣೆಯನ್ನು ಕೊಟ್ಟಿದ್ದಾರೆಂದು ಎಲ್ಲರೆದುರು ಹೇಳುವುದಿಲ್ಲವಂತೆ, ನಿಮ್ಮನ್ನು ಬಿಟ್ಟೂ ಹೇಳುವುದಿಲ್ಲವಂತೆ, ಮೂರನೇ ಸಲವೂ ಬಾಯಿ ಮುಚ್ಚಿ ಕೂರುತ್ತಾಳಂತೆ. ಹಟಕ್ಕೆ ನಿಮ್ಮ ಮಗಳೇ. ಆ ಬಟ್ಟೆಯ ಮುಂದೆ ಮೌನಕ್ಕೆ ಸಮ್ಮತಿ ಎಂಬ ಅರ್ಥವಿಲ್ಲ, ಒಪ್ಪಿಗೆ ಕೇಳಿದ ಹಿರಿಯರು ಎದ್ದು ಹೋಗುತ್ತಾರೆ. ಅಪ್ಪ ಹೂಂ ಅಂತ ಬರೀತಾರೆ ಬಿಡು ಎಂದು ಈಗಷ್ಟೇ ಅವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡದೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಬೇಡ ಅಂತಾದ್ರೂ ಬರೀಲಿ ಅಮ್ಮ, ಜಗಳ ಆಡ್ತೀನಿ. ಸುಮ್ನಿದ್ರೆ ಯಾರ್ ಜೊತೆ ಆಡ್ಲಿ?”